ಹಾಸನ ವಿದ್ಯಾನಗರದಲ್ಲಿ ಕುಟುಂಬಕ್ಕೆ ಬಾಡಿಗೆ ಮನೆ: ಮೊದಲ ಮಹಡಿ, ಎರಡು ಬೆಡ್‌ರೂಮ್

ಮೊದಲು ಹಾಕಿದ್ದ ಜಾಹೀರಾತು: ವಿದ್ಯಾನಗರ, 2 ಬಿಎಚ್‌ಕೆ, 1ನೇ ಮಹಡಿ, ಬೋರ್ ನೀರು, ಬೈಕ್ ಪಾರ್ಕಿಂಗ್, ಫ್ಯಾಮಿಲಿಗೆ ಮಾತ್ರ, 11,000, ಅಡ್ವಾನ್ಸ್ 60,000.

ಈಗ ವಿವರವಾಗಿ:

ಸಾಲಗಾಮೆ ರಸ್ತೆಯ ಗದ್ದಲದಿಂದ ಸ್ವಲ್ಪ ಒಳಗೆ, ಅಡ್ಡರಸ್ತೆಯಲ್ಲಿರುವ ಪೂರ್ವ ದಿಕ್ಕಿನ ಮನೆ. ಬೆಳಗಿನ ಬಿಸಿಲು ನೇರವಾಗಿ ಹಾಲ್‌ಗೆ ಬೀಳುತ್ತದೆ. ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತೆ!

ಅಡುಗೆಮನೆ ದೊಡ್ಡದು. ಇಬ್ಬರು ನಿಂತು ಕೆಲಸ ಮಾಡಬಹುದು, ಡಬ್ಬಗಳಿಗೆ ಸಜ್ಜೆ ಇದೆ. ಹಿಂದೆ ಪಾತ್ರೆ ತೊಳೆಯಲು, ವಾಷಿಂಗ್ ಮೆಷಿನ್ ಇಡಲು ಬೇರೆ ಜಾಗ. ಪಕ್ಕದಲ್ಲೇ ಪುಟ್ಟ ದೇವರ ಕೋಣೆ. ಒಂದು ಬೆಡ್‌ರೂಮ್‌ನಲ್ಲಿ ಡಬಲ್ ಕಾಟ್ ಹಾಕಿದರೂ ಓಡಾಡಲು ಜಾಗ ಉಳಿಯುತ್ತದೆ. ಇನ್ನೊಂದು ಚಿಕ್ಕದು, ಮಕ್ಕಳ ಓದಿಗೆ ಸರಿ. ಬಾತ್‌ರೂಮ್ ಒಂದೇ. ಸೋಲಾರ್ ಇದೆ, ಮೋಡದ ದಿನಕ್ಕೆ ಗೀಸರ್ ಕೂಡ ಇದೆ.

ನೀರು ಬೋರ್‌ವೆಲ್‌ನದು, ಸ್ವಲ್ಪ ಗಡಸು. ಕುಡಿಯಲು ಫಿಲ್ಟರ್ ನೀವೇ ಹಾಕಿಸಿಕೊಳ್ಳಬೇಕು. ಕಾಂಪೌಂಡ್ ಒಳಗೆ ಎರಡು ಬೈಕ್ ನಿಲ್ಲುತ್ತವೆ, ಕಾರಿಗೆ ಜಾಗವಿಲ್ಲ. ಮೆಟ್ಟಿಲು ಕಡಿದಾಗಿದೆ. ಮಂಡಿನೋವಿರುವ ಹಿರಿಯರಿದ್ದರೆ ಅವರನ್ನೂ ಕರೆತಂದು ಒಮ್ಮೆ ಹತ್ತಿಸಿ ನೋಡಿ.

ಬಾಡಿಗೆ ತಿಂಗಳಿಗೆ 11,000 ರೂಪಾಯಿ. ಕರೆಂಟ್ ಬಿಲ್ ಬೇರೆ, ಮೀಟರ್ ನಿಮ್ಮದೇ. ನೀರಿಗೆ ಪ್ರತ್ಯೇಕ ಹಣವಿಲ್ಲ. ಅಡ್ವಾನ್ಸ್ 60,000, ಅಗ್ರಿಮೆಂಟ್ 11 ತಿಂಗಳಿಗೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೇದು, ಅಲ್ವಾ?

ನಾವು ಕೆಳಗಿನ ಮನೆಯಲ್ಲೇ ಇರುತ್ತೇವೆ. ಶನಿವಾರ ಸಂಜೆ ಅಥವಾ ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಬಂದು ನೋಡಿ. ಬ್ರೋಕರ್ ಇಲ್ಲ, ಕಮಿಷನ್ ಇಲ್ಲ.