ನನ್ನ ಮದುವೆಗೆ ರಜೆ ಕೋರಿ ಅರ್ಜಿ

ಅಮ್ಮತ್ತಿ, ಕೊಡಗು
30 ಮಾರ್ಚ್ 2026

ಇಂದ,
ಕೆ. ಎಂ. ಪೂವಯ್ಯ
ರೈಟರ್, ತೋಟದ ಕಚೇರಿ

ಗೆ,
ಮ್ಯಾನೇಜರ್ ಅವರು
ತೋಟದ ಕಚೇರಿ, ಅಮ್ಮತ್ತಿ

ವಿಷಯ: ಏಪ್ರಿಲ್ 23ರಿಂದ ಮೇ 2ರವರೆಗೆ ಗಳಿಕೆ ರಜೆ ಕೋರಿ.

ಮಾನ್ಯರೇ,

ನನ್ನ ಮದುವೆ ಏಪ್ರಿಲ್ 26, ಭಾನುವಾರ, ಪೊನ್ನಂಪೇಟೆ ಕೊಡವ ಸಮಾಜದಲ್ಲಿ ನಿಶ್ಚಯವಾಗಿದೆ. ಹಿಂದಿನ ದಿನ ನಮ್ಮ ಮನೆಯಲ್ಲಿ ಊರು ಸೇರುತ್ತದೆ. ಪಾತ್ರೆ, ಸೌದೆ, ಹಂದಿ ಎಲ್ಲದಕ್ಕೂ ನಾನೇ ಓಡಾಡಬೇಕು, ಅದಕ್ಕೇ ಗುರುವಾರದಿಂದ ಕೇಳುತ್ತಿದ್ದೇನೆ. ಮದುವೆಯಾದ ಮೇಲೆ ಹೆಣ್ಣಿನ ಮನೆಗೆ ಹೋಗುವುದು, ತಲಕಾವೇರಿ ದರ್ಶನ ಇದೆ. ಏಪ್ರಿಲ್ 26ರ ಭಾನುವಾರ ಮತ್ತು ಮೇ 1ರ ರಜೆ ಕಳೆದು, ಒಟ್ಟು 8 ದಿನ ಆಗುತ್ತದೆ. ಮೇ 4, ಸೋಮವಾರ ಬೆಳಿಗ್ಗೆ ಮಸ್ಟರ್‌ಗೆ ಹಾಜರಿರುತ್ತೇನೆ.

ಕಾಫಿ ಕುಯ್ಲು ಮುಗಿದಿರುವುದರಿಂದ ತೋಟದಲ್ಲಿ ಆಗ ಮರಗಸಿ, ಚಿಗುರು ತೆಗೆಯುವುದು ಅಷ್ಟೇ. ಅದನ್ನು ಮೇಸ್ತ್ರಿ ಮಾದಪ್ಪನವರು ನೋಡಿಕೊಳ್ಳುತ್ತಾರೆ. ನನಗೆ ಯೋಚನೆ ಇರುವುದು ಕಣದಲ್ಲಿರುವ ಮೆಣಸಿನದು. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಹತ್ತು ನಿಮಿಷ ಕೊಡುವುದಿಲ್ಲ. ಫೀಲ್ಡ್ ರೈಟರ್ ಸುರೇಶ್ ಅವರಿಗೆ ಹೇಳಿದ್ದೇನೆ: ಮೂರು ಗಂಟೆಗೇ ರಾಶಿ ಮಾಡಿಸಿ ಟಾರ್ಪಾಲ್ ಹಾಕಿಸಬೇಕು, ಬಿಸಿಲು ಇದ್ದರೂ ಸರಿ. ಮೀಟರ್‌ನಲ್ಲಿ ತೇವಾಂಶ 11ಕ್ಕೆ ಇಳಿಯದೆ ಚೀಲಕ್ಕೆ ತುಂಬಿಸಬಾರದು. ಗೋದಾಮಿನ ಬೀಗದ ಕೈ ಗೊಂಚಲು ಮತ್ತು ಸ್ಟಾಕ್ ಪುಸ್ತಕವನ್ನು 22ರ ಸಂಜೆ ನಿಮ್ಮೆದುರಿಗೇ ಚೀಲ ಎಣಿಸಿ ಅವರಿಗೆ ಒಪ್ಪಿಸುತ್ತೇನೆ.

ನನ್ನ ರಜೆಯಲ್ಲಿ ಎರಡು ಬಟವಾಡೆ ಬರುತ್ತವೆ, 25 ಮತ್ತು 2ನೇ ತಾರೀಕು. ಭಾನುವಾರ ಸಂತೆಗೆ ಹೋಗುವ ಕಾರ್ಮಿಕರಿಗೆ ಶನಿವಾರ ತಡವಾದರೆ ಕಷ್ಟ. ಮೊದಲ ವಾರದ ಲೆಕ್ಕ ಬುಧವಾರದವರೆಗೆ ನಾನೇ ಬರೆದಿಟ್ಟಿರುತ್ತೇನೆ. ಉಳಿದ ಹಾಜರಿ ಸೇರಿಸಿ ಸುರೇಶ್ ಕೂಡಿಸುತ್ತಾರೆ. ಮುಂಗಡ ಪಡೆದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ, ಕಡಿತ ಅಲ್ಲೇ ಇದೆ. ಎರಡನೇ ವಾರದ ಚೆಕ್‌ರೋಲ್ ಅನ್ನು ಒಮ್ಮೆ ತಾವು ನೋಡಿ ಸಹಿ ಮಾಡಿದರೆ ಸಾಕು.

ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಬರೆಯುವ ಕೆಲಸ ವಾಚರ್‌ಗೆ ಒಪ್ಪಿಸಿದ್ದೇನೆ. ಆನೆ ಬಂದ ಸುದ್ದಿಯನ್ನು ಲೈನ್ ಮನೆಯವರಿಗೆ ತಿಳಿಸುವುದೂ ಅವರದೇ. ಮೊದಲಿನಿಂದಲೂ ಅದು ಅವರಿಗೇ ಮೊದಲು ಗೊತ್ತಾಗುವುದು ಅಲ್ವಾ!

ಏನಾದರೂ ಕೇಳುವುದಿದ್ದರೆ ಸಂಜೆ ಏಳರ ಮೇಲೆ ಫೋನ್ ಮಾಡಬಹುದು. ಮದುವೆ ದಿನ ಮಾತ್ರ ಕುಪ್ಯ ಹಾಕಿದ ಮೇಲೆ ಫೋನ್ ತಮ್ಮನ ಕೈಯಲ್ಲಿರುತ್ತದೆ. ತಾವು ಕುಟುಂಬ ಸಮೇತ ಬರಲೇಬೇಕು. ಕಚೇರಿಯಿಂದ ಎಲ್ಲರೂ ಒಂದೇ ಜೀಪಿನಲ್ಲಿ ಬರುವುದಾದರೆ ಮುಂಚೆಯೇ ಹೇಳಿ, ಊಟಕ್ಕೆ ಲೆಕ್ಕ ಹಿಡಿಯಬೇಕು.

ದಯವಿಟ್ಟು ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕೆ. ಎಂ. ಪೂವಯ್ಯ

ಲಗತ್ತು: ಮದುವೆ ಕರೆಯೋಲೆ