ಗಿರಣಿ ಮಳಿಗೆಯ ಬಾಡಿಗೆ ಕುರಿತು

ಶಿರಸಿ
6 ಏಪ್ರಿಲ್ 2026

ಶ್ರೀಯುತ ಮಾಬ್ಲೇಶ್ವರ ಹೆಗಡೆಯವರಿಗೆ,
ಗಣಪತಿ ನಾಯ್ಕ ಮಾಡುವ ನಮಸ್ಕಾರಗಳು.

ಮಾರ್ಚ್ 28ರಂದು ನೀವು ಬರೆದ ಪತ್ರ ತಲುಪಿತು. ಬನವಾಸಿ ರಸ್ತೆಯ ಮಳಿಗೆಗೆ ಈಗಿರುವ 9,000 ರೂಪಾಯಿ ಬಾಡಿಗೆಯನ್ನು ಜೂನ್ 1ರಿಂದ 13,500 ಮಾಡಬೇಕು, ಆಗದಿದ್ದರೆ ಮೇ 31ಕ್ಕೆ ಕರಾರು ಮುಗಿದೊಡನೆ ಬಿಟ್ಟುಕೊಡಬೇಕು ಎಂದು ತಿಳಿಸಿದ್ದೀರಿ. ಫೋನಿನಲ್ಲಿ ಹೇಳಿದರೆ ಒಂದು ಹೋಗಿ ಇನ್ನೊಂದು ಆದೀತು ಎಂದು ಬರೆದೇ ತಿಳಿಸುತ್ತಿದ್ದೇನೆ.

ಬಾಡಿಗೆ ಏರಿಸುವುದೇ ಬೇಡ ಎಂದು ನಾನು ಹೇಳುವುದಿಲ್ಲ. ಎರಡು ವರ್ಷದಿಂದ ನೀವು ಒಂದು ರೂಪಾಯಿಯನ್ನೂ ಹೆಚ್ಚು ಕೇಳಿಲ್ಲ. ನಗರಸಭೆಯ ಕರ ಏರಿದೆ, ಅಮ್ಮನವರ ಔಷಧಿ ಖರ್ಚೂ ಇದೆ ಎಂದು ಬರೆದಿದ್ದೀರಿ. ಅದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಒಂದೇ ಸಲಕ್ಕೆ 4,500 ರೂಪಾಯಿ ಏರಿದರೆ ಗಿರಣಿ ತಾಳುವುದಿಲ್ಲ. ಕಿಲೋ ಬೀಸಿದರೆ 8 ರೂಪಾಯಿ ಬರುತ್ತದೆ. ಕರೆಂಟು, ಬೆಲ್ಟು, ಕಲ್ಲಿಗೆ ಉಳಿ ಹೊಡೆಸುವ ಕೂಲಿ, ಹುಡುಗನ ಸಂಬಳ ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ 3 ರೂಪಾಯಿ. ನೀವು ಕೇಳಿದ ಹೆಚ್ಚುವರಿ ಹಣವನ್ನಷ್ಟೇ ಹೊಂದಿಸಲು ತಿಂಗಳಿಗೆ 1,500 ಕಿಲೋ, ಅಂದರೆ ದಿನಕ್ಕೆ 50 ಕಿಲೋ ಹೆಚ್ಚು ಬೀಸಬೇಕು. ಬೇಸಿಗೆಯಲ್ಲಿ ಮಳೆಗಾಲಕ್ಕೆಂದು ಎಲ್ಲರೂ ಮೆಣಸಿನಪುಡಿ, ಸಾಂಬಾರಪುಡಿ ಮಾಡಿಸಿಕೊಳ್ಳುವ ಈ ಎರಡು ತಿಂಗಳು, ಆಮೇಲೆ ಚೌತಿಯ ಮುಂಚೆ ಚಕ್ಕುಲಿ ಹಿಟ್ಟಿನ ಹದಿನೈದು ದಿನ, ಗಿರಣಿಯ ಎದುರು ಸಾಲು ನಿಲ್ಲುವುದು ನಿಜ. ಆಷಾಢದಲ್ಲಿ ಬಂದು ನೋಡಿದರೆ ಮಧ್ಯಾಹ್ನದವರೆಗೆ ಮೋಟಾರು ಹಾಕುವುದೇ ಇಲ್ಲ.

ಪಕ್ಕದ ಮಳಿಗೆಗೆ 14,000 ಬರುತ್ತದೆ ಎಂದು ಬರೆದಿದ್ದೀರಿ. ವಿಚಾರಿಸಿದೆ, ಸುಳ್ಳಲ್ಲ. ಆದರೆ ಅದು ಸ್ಲ್ಯಾಬಿನ ಹೊಸ ಕಟ್ಟಡ, ಬಾಗಿಲು ನೇರ ರಸ್ತೆಗೆ, ಎದುರಿಗೆ ಕಾರು ನಿಲ್ಲಿಸಲು ಜಾಗವಿದೆ. ನಮ್ಮದು ಹಂಚಿನ ಮಾಡು, ಓಣಿಯೊಳಗೆ. ಜಾತ್ರೆಯ ಹೊತ್ತಿನಲ್ಲಿ ಯಾರೋ ಬಂದು ದೊಡ್ಡ ಮೊತ್ತ ಹೇಳಿ ಹೋದರಂತೆ, ಅದೂ ಕಿವಿಗೆ ಬಿತ್ತು. ಮಾರಿಕಾಂಬೆ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ, ಒಂಬತ್ತು ದಿನ. ಆ ದಿನಗಳ ದರವನ್ನು ವರ್ಷವಿಡೀ ಕೊಡುವವರು ಈ ಓಣಿಗೆ ಬರುತ್ತಾರೆಂದು ನನಗೆ ಅನಿಸುವುದಿಲ್ಲ.

2014ರಲ್ಲಿ ಮಳಿಗೆಗೆ ಬಂದಾಗ ಬಾಡಿಗೆ 3,500 ಇತ್ತು. ಈ ಹನ್ನೆರಡು ವರ್ಷದಲ್ಲಿ ಐದನೇ ತಾರೀಕು ದಾಟಿದ್ದು ಲಾಕ್‌ಡೌನಿನ ಎರಡು ತಿಂಗಳು ಮಾತ್ರ. ಆಗ ನೀವೇ ಅರ್ಧ ಬಾಡಿಗೆ ಸಾಕು, ಉಳಿದದ್ದನ್ನು ಬಾಕಿ ಎಂದು ಬರೆದಿಡಬೇಡ ಎಂದಿರಿ. ಅದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. 2019ರ ಮಳೆಗೆ ಹಿಂದಿನ ಭಾಗದ ಪಕಾಸು ಕುಸಿದಾಗ ನಾನೂ ನಿಮ್ಮನ್ನು ಕೇಳುತ್ತ ಕೂರಲಿಲ್ಲ. ಪಕಾಸು, ರೀಪು ಬದಲಿಸಲು 18,000 ಖರ್ಚಾಯಿತು, ಬಾಡಿಗೆಯಲ್ಲಿ ಹಿಡಿದುಕೊಳ್ಳಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಹಂಚು ಕೈಯಾಡಿಸಿ, ಪಡುವಣ ಗೋಡೆಗೆ ಇರಚಲು ಹೊಡೆಯದಂತೆ ತಟ್ಟಿ ಕಟ್ಟಿಸುವುದೂ ನಾನೇ. ಈ ಲೆಕ್ಕ ಹೇಳಬಾರದೆಂದೇ ಇಷ್ಟು ದಿನ ಇದ್ದೆ. ಈಗ ಬಾಡಿಗೆಯ ಮಾತು ಬಂದಿದ್ದರಿಂದ ಹೇಳಬೇಕಾಯಿತು.

ನನ್ನ ಕೋರಿಕೆ ಹೀಗಿದೆ. ಜೂನ್ 1ರಿಂದ ತಿಂಗಳಿಗೆ 10,500 ರೂಪಾಯಿ ಕೊಡುತ್ತೇನೆ. ಪ್ರತಿ ವರ್ಷ ಜೂನ್‌ನಲ್ಲಿ ನೀವು ಕೇಳುವ ಮೊದಲೇ 500 ಏರಿಸುತ್ತೇನೆ. ಐದನೇ ವರ್ಷಕ್ಕೆ ಅದು 12,500 ಆಗುತ್ತದೆ. ಮುಂಗಡ 50,000 ನಿಮ್ಮಲ್ಲಿದೆ, ಅದನ್ನು ಒಂದು ಲಕ್ಷ ಮಾಡುತ್ತೇನೆ. ಇದಕ್ಕೆ ಬದಲಾಗಿ ಹನ್ನೊಂದು ತಿಂಗಳ ಕರಾರಿನ ಬದಲು ಐದು ವರ್ಷದ ಕರಾರು ಮಾಡಿಕೊಡಬೇಕು.

ಐದು ವರ್ಷ ಯಾಕೆ ಎಂದು ನೀವು ಕೇಳಬಹುದು. ಗಿರಣಿ ಎಂದರೆ ಬಟ್ಟೆ ಅಂಗಡಿಯಂತಲ್ಲ, ಗಂಟು ಕಟ್ಟಿಕೊಂಡು ಎದ್ದು ಹೋಗಲು ಬರುವುದಿಲ್ಲ. ಮೋಟಾರಿಗೆ ಕಾಂಕ್ರೀಟಿನ ಪಾಯ ಹಾಕಿದ್ದೇನೆ, ತ್ರೀ ಫೇಸ್ ಮೀಟರ್ ಇದೇ ಜಾಗದ ಹೆಸರಿನಲ್ಲಿದೆ. ಮೆಣಸು, ಅರಿಶಿನಕ್ಕೆ ಬೇರೆಯೇ ಒಂದು ಯಂತ್ರ ಹಾಕಬೇಕೆಂದು ಮೂರು ವರ್ಷದಿಂದ ಆಸೆ. ಈಗ ಅಕ್ಕಿ ಬೀಸುವ ಮೊದಲು ಕಲ್ಲು ತೊಳೆಯುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಮೊದಲು ಕೇಳುವುದೇ ಕರಾರು ಎಷ್ಟು ವರ್ಷದ್ದು ಎಂದು. ಹನ್ನೊಂದು ತಿಂಗಳು ಎಂದೊಡನೆ ಕಾಗದ ಹಿಂದಕ್ಕೆ ಕೊಡುತ್ತಾರೆ. ಆ ಯಂತ್ರ ಬಂದರೆ ಏರಿದ ಬಾಡಿಗೆ ಕೊಡುವ ಶಕ್ತಿಯೂ ಅದರಿಂದಲೇ ಬರುತ್ತದೆ.

ನಿಮ್ಮ ಕಡೆಯ ಲೆಕ್ಕವನ್ನೂ ಮಾಡಿ ನೋಡಿದೆ. 13,500ರಂತೆ ವರ್ಷಕ್ಕೆ 1,62,000, ನಾನು ಹೇಳಿದಂತೆ ಮೊದಲ ವರ್ಷ 1,26,000. ವ್ಯತ್ಯಾಸ 36,000, ಅದನ್ನು ಮುಚ್ಚಿಡುವುದಿಲ್ಲ. ಆದರೆ ಜೂನ್‌ನಲ್ಲಿ ಮಳಿಗೆ ಖಾಲಿಯಾದರೆ ನಮ್ಮ ಮಳೆಯಲ್ಲಿ ಹೊಸ ಅಂಗಡಿ ಹಾಕಲು ಮುಂದೆ ಬರುವವರು ಕಡಿಮೆ. ಮೂರು ತಿಂಗಳು ಬೀಗ ಬಿದ್ದರೆ 40,500 ಹೋಯಿತು. ಪಾಯ ಅಗೆದು ನೆಲ ಸರಿಮಾಡುವುದು, ಸುಣ್ಣ ಬಣ್ಣ ಬೇರೆ. ಮುಂದಿನ ವರ್ಷಗಳಲ್ಲಿ ಹೊಸಬರಿಂದ ನಿಮಗೆ ಹೆಚ್ಚು ಸಿಗಬಹುದು, ಇಲ್ಲವೆನ್ನಲಾರೆ. ನನ್ನಿಂದ ಐದು ವರ್ಷಕ್ಕೆ ಸಿಗುವುದು 6,90,000. ಹುಬ್ಬಳ್ಳಿಯಲ್ಲಿ ಕೂತೇ ಪ್ರತಿ ತಿಂಗಳ ಐದರೊಳಗೆ ಖಾತೆಗೆ ಜಮಾ ಆಗುತ್ತದೆ, ಮಾಡಿನ ಚಿಂತೆಯೂ ನಿಮಗಿರುವುದಿಲ್ಲ.

ಐದು ವರ್ಷ ಬರೆದುಕೊಟ್ಟರೆ ಮಳಿಗೆ ಕೈತಪ್ಪೀತು ಎಂಬ ಅಳುಕು ನಿಮಗಿದ್ದರೆ ತಪ್ಪೇನಲ್ಲ. ಅದಕ್ಕೆ ಬೇಕಾದದ್ದನ್ನು ಕರಾರಿನಲ್ಲೇ ಬರೆಸೋಣ. ನಿಮ್ಮ ಮಗ ಊರಿಗೆ ಬಂದು ಇಲ್ಲಿ ಏನಾದರೂ ಶುರುಮಾಡುವುದಾದರೆ ಆರು ತಿಂಗಳು ಮುಂಚೆ ತಿಳಿಸಿದರೆ ಸಾಕು, ತಕರಾರಿಲ್ಲದೆ ಬಿಡುತ್ತೇನೆ. ಎರಡು ತಿಂಗಳು ಬಾಡಿಗೆ ಬಾಕಿಯಾದರೆ ಬಿಡಿಸುವ ಹಕ್ಕು ನಿಮ್ಮದು. ಮೊದಲ ಎರಡು ವರ್ಷ ನಾನಾಗಿ ಬಿಟ್ಟು ಹೋಗುವುದಿಲ್ಲ, ಬೇರೆಯವರಿಗೆ ಒಳಬಾಡಿಗೆಗೂ ಕೊಡುವುದಿಲ್ಲ. ಹಂಚು, ರೀಪು, ವೈರಿಂಗಿನ ಸಣ್ಣ ರಿಪೇರಿ ನನ್ನದು. ಗೋಡೆ, ತೊಲೆ ಮತ್ತು ಕರ ನಿಮ್ಮದು. ವರ್ಷಕ್ಕಿಂತ ಹೆಚ್ಚಿನ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು ವಕೀಲರು ಹೇಳಿದರು. ಛಾಪಾ ಕಾಗದ, ನೋಂದಣಿಯ ಖರ್ಚು ಪೂರ್ತಿ ನಾನು ಕೊಡುತ್ತೇನೆ. ಉಪನೋಂದಣಿ ಕಚೇರಿಗೆ ಒಂದು ದಿನ ನೀವು ಬಂದರೆ ಸಾಕು. ಬರುವ ದಿನ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಆಗಬೇಕು.

ಐದು ವರ್ಷ ಹೆಚ್ಚಾಯಿತು ಎನಿಸಿದರೆ ಮೂರು ವರ್ಷಕ್ಕಾದರೂ ಒಪ್ಪಿ. ಆಗಲೂ ಬಾಡಿಗೆ ಇದೇ, ಮುಂಗಡ 75,000 ಮಾಡುತ್ತೇನೆ. ಇದಕ್ಕಿಂತ ಮೇಲೆ ಹೋಗುವ ಶಕ್ತಿ ನನಗಿಲ್ಲ. ಚೌಕಾಸಿಗೆಂದು ಕಡಿಮೆ ಹೇಳಿ ಜಾಗ ಇಟ್ಟುಕೊಂಡಿಲ್ಲ.

ಈ ತಿಂಗಳ 25ರೊಳಗೆ ನಿಮ್ಮ ಮಾತು ತಿಳಿದರೆ ಮಳೆ ಹಿಡಿಯುವ ಮೊದಲು ಮಾಡಿನ ಕೆಲಸಕ್ಕೆ ಆಳುಗಳನ್ನು ಗೊತ್ತುಮಾಡಬಹುದು. ಮೇ ಮಧ್ಯದ ಮೇಲೆ ಹಂಚಿನ ಆಳು ಸಿಗುವುದು ಕಷ್ಟ. ನೀವು ಹೇಳಿದರೆ ಯಾವ ಭಾನುವಾರವಾದರೂ ಹುಬ್ಬಳ್ಳಿಗೆ ಬಂದು ಎದುರಲ್ಲೇ ಮಾತಾಡುತ್ತೇನೆ. ಏಪ್ರಿಲ್ ಬಾಡಿಗೆ ನಿನ್ನೆಯೇ ಜಮಾ ಮಾಡಿದ್ದೇನೆ.

ಅಮ್ಮನವರ ಮೊಣಕಾಲು ನೋವು ಈಗ ಹೇಗಿದೆ? ಅವರಿಗೆಂದು ರಾಗಿ ಹುರಿದು ಬೀಸಿಟ್ಟಿದ್ದೇವೆ, ಬರುವವರ ಕೈಯಲ್ಲಿ ಕಳಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಗಣಪತಿ ನಾಯ್ಕ
ಹಿಟ್ಟಿನ ಗಿರಣಿ, ಬನವಾಸಿ ರಸ್ತೆ, ಶಿರಸಿ