ಚೀಟಿ ಅವಧಿ ಮುಗಿದರೂ ಪಾವತಿಯಾಗದ ಮೊತ್ತದ ಬಗ್ಗೆ

ದಿನಾಂಕ: 4 ಆಗಸ್ಟ್ 2025, ತುಮಕೂರು

ಫೋರ್‌ಮನ್ ಅವರಿಗೆ,

ಮಾನ್ಯರೇ,

ತಮ್ಮಲ್ಲಿ 2023ರ ಜೂನ್ 10ರಂದು ಆರಂಭವಾದ, ತಿಂಗಳಿಗೆ 20,000 ರೂಪಾಯಿಯಂತೆ 25 ಕಂತುಗಳ 5 ಲಕ್ಷ ರೂಪಾಯಿ ಚೀಟಿಯಲ್ಲಿ ನಾನು 17ನೇ ಟಿಕೆಟ್‌ನ ಚಂದಾದಾರಳು. ಒಮ್ಮೆಯೂ ಚೀಟಿ ಎತ್ತದೆ, 2025ರ ಜೂನ್ 10ರ ಕೊನೆಯ ಕಂತಿನವರೆಗೆ ಎಲ್ಲವನ್ನೂ ಕಟ್ಟಿದ್ದೇನೆ. ಒಪ್ಪಂದದಂತೆ ಶೇ. 5ರ ಕಮಿಷನ್ ಕಳೆದು ನನಗೆ ಬರಬೇಕಾದ 4,75,000 ರೂಪಾಯಿ ಸುಮಾರು ಎಂಟು ವಾರ ಕಳೆದರೂ ಕೈಸೇರಿಲ್ಲ.

19ನೇ ಕಂತು ಲೆಡ್ಜರಿನಲ್ಲಿ ಕಾಣುತ್ತಿಲ್ಲ ಎಂದು ತಮ್ಮ ಕಚೇರಿಯವರು ಹೇಳಿದರು. ನನ್ನ ಪಾಸ್‌ಬುಕ್ಕಿನಲ್ಲಿ 2024ರ ಡಿಸೆಂಬರ್ 10ರ ಸಾಲಿನಲ್ಲಿ, ಡಿವಿಡೆಂಡ್ 3,600 ಕಳೆದು 16,400 ರೂಪಾಯಿ ಸಂದಾಯವಾಗಿದೆ ಎಂದು ನೀಲಿ ಶಾಯಿಯಲ್ಲಿ ಬರೆದು, ಪಕ್ಕದಲ್ಲಿ ಗುಮಾಸ್ತರು ಸಹಿ ಹಾಕಿದ್ದಾರೆ. ರಸೀದಿ ಸಂಖ್ಯೆ 318. ಎರಡರ ನಕಲನ್ನೂ ಲಗತ್ತಿಸಿದ್ದೇನೆ. ತಮ್ಮ ಪುಸ್ತಕದಲ್ಲಿ ನಮೂದು ತಪ್ಪಿದ್ದರೆ ಅದರ ಹೊರೆ ಚಂದಾದಾರಳ ಮೇಲೆ ಬೀಳುವುದು ನ್ಯಾಯವಲ್ಲ. ಈ ಹಣ ಮಗಳ ಕಾಲೇಜು ಶುಲ್ಕಕ್ಕೆಂದೇ ಕೂಡಿಟ್ಟದ್ದು.

ದಯವಿಟ್ಟು ಆಗಸ್ಟ್ 19ರೊಳಗೆ ಪೂರ್ತಿ ಮೊತ್ತವನ್ನು ಚೆಕ್ ಮೂಲಕ ನೀಡಬೇಕು, ಇಲ್ಲವೇ ತಡೆಹಿಡಿದ ಕಾರಣವನ್ನು ಲಿಖಿತವಾಗಿ ತಿಳಿಸಿ ನನ್ನ ಖಾತೆಯ ಲೆಡ್ಜರ್ ಪ್ರತಿಯನ್ನು ಒದಗಿಸಬೇಕು. ಎರಡೂ ಆಗದಿದ್ದಲ್ಲಿ 1982ರ ಚಿಟ್ ಫಂಡ್ ಕಾಯ್ದೆಯ 64ನೇ ಕಲಮಿನಡಿ ಚೀಟಿ ರಿಜಿಸ್ಟ್ರಾರರ ಮುಂದೆ ವ್ಯಾಜ್ಯ ಹೂಡುವುದು ನನಗೆ ಅನಿವಾರ್ಯವಾಗುತ್ತದೆ.

ತಮ್ಮ ವಿಶ್ವಾಸಿ,
17ನೇ ಟಿಕೆಟ್‌ನ ಚಂದಾದಾರಳು